ಮೂರು ಫೋಟೊ ಸಾಲಲಿಲ್ಲ, ಹಾಗಾದರೆ ಏನು ಬೇಕು?

*ಸಂಪಾದಕರೇ, ಒಂದು ಆನ್‌ಲೈನ್ ಮಾರುಕಟ್ಟೆಯಿಂದ 512 ಜಿಬಿ ಮೈಕ್ರೊ ಎಸ್‌ಡಿ ಕಾರ್ಡ್ ತರಿಸಿಕೊಂಡೆ. ಹೆಸರಾಂತ ಬ್ರ್ಯಾಂಡ್. ಒಂದು ವಾರ ಕ್ಯಾಮೆರಾದಲ್ಲಿ ಬಳಸಿದೆ. ಮೊದಲೆರಡು ದಿನದ ವಿಡಿಯೊ ಚೆನ್ನಾಗಿವೆ. ಆಮೇಲಿನವುಗಳ ಹೆಸರು ಕಾಣಿಸುತ್ತೆ, ಆದರೆ ತೆರೆಯುವುದಿಲ್ಲ. ಪ್ಯಾಕೆಟ್ಟಿನ ಬಣ್ಣ, ಅಕ್ಷರ ಕೂಡ ಬೇರೆ ಥರ ಇದೆ. ಮೂರು ಫೋಟೊ ಹಾಕಿ "ಇದು ನಕಲಿ, ಹಣ ವಾಪಸ್ ಕೊಡಿ" ಅಂತ ಬರೆದೆ. "ಚಿತ್ರಗಳಿಂದ ನಕಲಿ ಎಂದು ಖಚಿತವಾಗುತ್ತಿಲ್ಲ" ಅಂತ ಉತ್ತರ ಬಂತು. ಇನ್ನೊಂದು ಸಲ ಬರೆಯಲು ಅವಕಾಶ ಇದೆ. ಏನಂತ ಬರೆಯಲಿ?*
*— ಒಬ್ಬ ಓದುಗ*

ಪ್ರಿಯ ಓದುಗರೇ,

ಮೊದಲು ಒಂದು ಕೆಲಸ ಮಾಡಿ. ಆ ಕಾರ್ಡಿನಲ್ಲಿ ಸರಿಯಾಗಿ ತೆರೆಯುವ ವಿಡಿಯೊ ಎಷ್ಟಿವೆಯೋ ಅಷ್ಟನ್ನೂ ಈಗಲೇ ಕಂಪ್ಯೂಟರಿಗೆ ನಕಲು ಮಾಡಿಕೊಳ್ಳಿ. ಕ್ಯಾಮೆರಾಗೆ ಮತ್ತೆ ಹಾಕಬೇಡಿ. ಮುಂದೆ ಹೇಳುವ ಪರೀಕ್ಷೆಯಲ್ಲಿ ಕಾರ್ಡನ್ನು ಪೂರ್ತಿ ತುಂಬಿಸಬೇಕಾಗುತ್ತೆ, ಆಗ ಉಳಿದಿರುವುದೂ ಹಾಳಾಗಬಹುದು.

ನಿಮ್ಮ ಪತ್ರ ಸೋತದ್ದು ಫೋಟೊ ಕೆಟ್ಟದಾಗಿದ್ದವು ಅಂತ ಅಲ್ಲ. ನೀವು ಸಾಬೀತು ಮಾಡಲು ಹೊರಟ ಮಾತೇ ಕಷ್ಟದ್ದು. "ಇದು ನಕಲಿ" ಅಂದರೆ ಇದನ್ನು ಆ ಬ್ರ್ಯಾಂಡಿನ ಕಂಪನಿ ತಯಾರಿಸಿಲ್ಲ ಅಂತ ಅರ್ಥ. ಅದನ್ನು ಖಚಿತವಾಗಿ ಹೇಳಬಲ್ಲದ್ದು ಆ ಕಂಪನಿ. ದೂರು ನೋಡುವ ಸಿಬ್ಬಂದಿಗೆ ನಿಮ್ಮ ಫೋಟೊದಲ್ಲಿ ಕಾಣುವುದು ಬಣ್ಣದ ವ್ಯತ್ಯಾಸ ಅಷ್ಟೆ. ಅಸಲಿ ಪ್ಯಾಕೆಟ್‌ಗಳ ಮುದ್ರಣ ಕೂಡ ಒಂದು ಬ್ಯಾಚಿನಿಂದ ಇನ್ನೊಂದು ಬ್ಯಾಚಿಗೆ ಬದಲಾಗುತ್ತೆ, ದೇಶದಿಂದ ದೇಶಕ್ಕೆ ಬದಲಾಗುತ್ತೆ. ಹಾಗಾಗಿ ಅವರು ಕೈ ಚೆಲ್ಲುತ್ತಾರೆ.

ಆದರೆ "512 ಜಿಬಿ ಅಂತ ಮಾರಿದ್ದೀರಿ, ಇದರಲ್ಲಿ ಅಷ್ಟು ಹಿಡಿಸುವುದಿಲ್ಲ" ಅನ್ನುವ ಮಾತು ಬೇರೆ. ಅದನ್ನು ಯಾರು ಬೇಕಾದರೂ ಅಳೆಯಬಹುದು. ಅದಕ್ಕೆ ಬ್ರ್ಯಾಂಡಿನ ಕಂಪನಿಯ ಒಪ್ಪಿಗೆ ಬೇಕಿಲ್ಲ. ಸಾಮಾನ್ಯವಾಗಿ ದೂರಿನ ಕಾರಣಗಳ ಪಟ್ಟಿಯಲ್ಲಿ "ವಿವರಣೆಯಲ್ಲಿ ಇರುವಂತೆ ಇಲ್ಲ" ಅನ್ನುವುದು ಬೇರೆಯಾಗಿಯೇ ಇರುತ್ತೆ. ಅದನ್ನು ಆರಿಸಿ. ನಕಲಿ ಅನ್ನುವ ಅನುಮಾನವನ್ನು ಎರಡನೇ ಮಾತಾಗಿ ಬರೆಯಿರಿ, ಬಿಡಬೇಡಿ.

ನಿಮ್ಮ ಕಾರ್ಡಿಗೆ ಏನಾಗಿದೆ ಅಂತ ತಿಳಿದರೆ ಪತ್ರ ಬರೆಯುವುದು ಸುಲಭ. ಕಾರ್ಡಿನ ಒಳಗೆ ಮಾಹಿತಿ ಹಿಡಿಯುವ ಚಿಪ್ ಒಂದು, ಅದನ್ನು ನಡೆಸುವ ಕಂಟ್ರೋಲರ್ ಒಂದು ಇರುತ್ತೆ. "ನಿನ್ನ ಗಾತ್ರ ಎಷ್ಟು" ಅಂತ ಕ್ಯಾಮೆರಾ ಕೇಳಿದಾಗ ಉತ್ತರ ಕೊಡುವುದು ಕಂಟ್ರೋಲರ್. ಮೋಸದ ಕಾರ್ಡಿನಲ್ಲಿ ಚಿಪ್ 32 ಜಿಬಿಯದ್ದೇ ಇರಬಹುದು, ಕಂಟ್ರೋಲರಿಗೆ ಮಾತ್ರ 512 ಅಂತ ಹೇಳಲು ಕಲಿಸಿರುತ್ತಾರೆ. ಕ್ಯಾಮೆರಾ ನಂಬಿ ಬರೆಯುತ್ತಾ ಹೋಗುತ್ತೆ. ನಿಜವಾದ ಜಾಗ ಮುಗಿದ ಮೇಲೆ ಬಂದದ್ದು ಎಲ್ಲೂ ಉಳಿಯುವುದಿಲ್ಲ, ಅಥವಾ ಹಳೆಯದರ ಮೇಲೆ ಬಂದು ಕೂರುತ್ತೆ. ಫೈಲುಗಳ ಹೆಸರು, ಗಾತ್ರ ಬರೆದಿಡುವ ಪಟ್ಟಿ ಸಾಮಾನ್ಯವಾಗಿ ಕಾರ್ಡಿನ ಶುರುವಿನ ಭಾಗದಲ್ಲಿ ಇರುವುದರಿಂದ ಅದು ಉಳಿದುಕೊಳ್ಳುತ್ತೆ. ನಿಮಗೆ ಹೆಸರು ಕಂಡು ವಿಡಿಯೊ ತೆರೆಯದೆ ಇರುವುದು ಇದಕ್ಕೇ.

ಇದನ್ನು ತೋರಿಸಲು ಎರಡು ಉಚಿತ ಸಾಧನಗಳಿವೆ. ವಿಂಡೋಸ್‌ನಲ್ಲಿ H2testw, ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ F3. ಎರಡೂ ಮಾಡುವುದು ಒಂದೇ ಕೆಲಸ. ಕಾರ್ಡಿನ ಖಾಲಿ ಜಾಗ ಪೂರ್ತಿ ತಮಗೆ ಗೊತ್ತಿರುವ ಮಾಹಿತಿಯನ್ನು ಒಂದೊಂದು ಜಿಬಿ ಫೈಲುಗಳಾಗಿ ತುಂಬುತ್ತವೆ, ಆಮೇಲೆ ಮತ್ತೆ ಓದಿ ಬರೆದದ್ದೇ ಬಂತಾ ಅಂತ ನೋಡುತ್ತವೆ. ಶುರು ಮಾಡುವ ಮುಂಚೆ ಕಾರ್ಡಿನಲ್ಲಿ ಇರುವುದನ್ನೆಲ್ಲ ಅಳಿಸಿ ಖಾಲಿ ಮಾಡಿ, ಇಲ್ಲದಿದ್ದರೆ ಲೆಕ್ಕ ತಪ್ಪುತ್ತೆ. F3 ಆದರೆ ಇಷ್ಟೇ (/media/card ಇರುವ ಜಾಗದಲ್ಲಿ ನಿಮ್ಮ ಕಂಪ್ಯೂಟರಿನಲ್ಲಿ ಕಾರ್ಡ್ ಕಾಣುವ ವಿಳಾಸ ಹಾಕಿ):

```
f3write /media/card
f3read /media/card
```

ಸಮಯ ಹಿಡಿಯುತ್ತೆ. ಸೆಕೆಂಡಿಗೆ 20 ಎಂಬಿ ವೇಗದಲ್ಲಿ ಬರೆದರೆ 512 ಜಿಬಿ ತುಂಬಲು ಸುಮಾರು 7 ಗಂಟೆ ಬೇಕು. ರಾತ್ರಿ ಹಚ್ಚಿ ಮಲಗಿ. ಕೊನೆಗೆ ಎಷ್ಟು ಉಳಿಯಿತು, ಎಷ್ಟು ಹೋಯಿತು ಅಂತ ಬರುತ್ತೆ: F3 ಆದರೆ `Data OK` ಮತ್ತು `Data LOST` ಅನ್ನುವ ಸಾಲುಗಳು. ಪತ್ರಕ್ಕೆ ಬೇಕಾದದ್ದು ಆ ಎರಡು ಸಂಖ್ಯೆ.

ಇಲ್ಲಿ ಎರಡು ಕಡೆ ಎಡವುವವರು ಜಾಸ್ತಿ. ಒಂದು, ಅಸಲಿ 512 ಜಿಬಿ ಕಾರ್ಡ್ ಕೂಡ ವಿಂಡೋಸ್‌ನಲ್ಲಿ ಸುಮಾರು 476 ಅಂತಲೇ ಕಾಣುತ್ತೆ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತೆ. "36 ಜಿಬಿ ಕಡಿಮೆ ಇದೆ, ಮೋಸ" ಅಂತ ಬರೆದರೆ ಆ ಒಂದು ಸಾಲಿನಿಂದ ಇಡೀ ಪತ್ರದ ತೂಕ ಹೋಗುತ್ತೆ. ಇನ್ನೊಂದು, ಪರೀಕ್ಷೆ ಫೇಲಾದ ಮಾತ್ರಕ್ಕೆ ಕಾರ್ಡಿನ ಗಾತ್ರ ಸುಳ್ಳು ಅಂತ ಆಗಲಿಲ್ಲ. ಅಸಲಿ ಕಾರ್ಡ್ ಕೆಟ್ಟಿರಬಹುದು, ಕಾರ್ಡ್ ರೀಡರ್ ಸರಿ ಇಲ್ಲದೆ ಇರಬಹುದು. ವ್ಯತ್ಯಾಸ ತಿಳಿಯೋದು ತಪ್ಪು ಎಲ್ಲಿ ಬಿತ್ತು ಅನ್ನುವುದರಿಂದ. ಕೆಟ್ಟ ಕಾರ್ಡಿನಲ್ಲಿ ತಪ್ಪುಗಳು ಅಲ್ಲಲ್ಲಿ ಚದುರಿರುತ್ತವೆ. ಸುಳ್ಳು ಗಾತ್ರದ ಕಾರ್ಡಿನಲ್ಲಿ ಸಾಮಾನ್ಯವಾಗಿ ಒಂದು ಕಡೆ ನಿಜವಾದ ಚಿಪ್ಪಿನಷ್ಟು, ಅಂದರೆ ಚಿಪ್ 32 ಜಿಬಿಯದ್ದಾದರೆ 1024ರ ಲೆಕ್ಕದಲ್ಲಿ ಸುಮಾರು 29 ಜಿಬಿಯಷ್ಟು, ಚೊಕ್ಕಟವಾಗಿ ಉಳಿದು, ಬಾಕಿ ಎಲ್ಲ ಗೀಟು ಎಳೆದ ಹಾಗೆ ಹೋಗಿರುತ್ತೆ. ಬೇರೆ ರೀಡರಿನಲ್ಲಿ ಇನ್ನೊಂದು ಸಲ ನಡೆಸಿ. ಎರಡು ಸಲವೂ ಗೀಟು ಹೆಚ್ಚುಕಡಿಮೆ ಅಲ್ಲೇ ಬಂದರೆ ಆಮೇಲೆ ಅನುಮಾನ ಬೇಡ.

ಇನ್ನು ಫೋಟೊ. ಫೋಟೊಗೆ ಮುಖ್ಯವಾಗಿ ಒಂದು ಕೆಲಸ ಇದೆ: ಪರೀಕ್ಷೆ ಮಾಡಿದ ಕಾರ್ಡ್ ಅವರೇ ಕಳಿಸಿದ ಕಾರ್ಡ್ ಅಂತ ತೋರಿಸುವುದು. ನೀವು ಬೇರೆ ಯಾವುದೋ ಕಾರ್ಡ್ ಹಾಕಿ ಸ್ಕ್ರೀನ್‌ಶಾಟ್ ತೆಗೆದಿರಬಹುದಲ್ವಾ ಅಂತ ಅವರು ಕೇಳಬಹುದು, ಆ ಪ್ರಶ್ನೆಯಲ್ಲಿ ತಪ್ಪೂ ಇಲ್ಲ. ಆದ್ದರಿಂದ ಫೋಟೊಗಳು ಸರಪಳಿಯ ಹಾಗೆ ಒಂದಕ್ಕೊಂದು ಕೊಂಡಿ ಹಾಕಿಕೊಂಡಿರಬೇಕು. ಆರ್ಡರ್ ಸಂಖ್ಯೆ ಇರುವ ಪಾರ್ಸೆಲ್ ಲೇಬಲ್ ಮತ್ತು ಪ್ಯಾಕೆಟ್ ಒಂದೇ ಚಿತ್ರದಲ್ಲಿ. ಪ್ಯಾಕೆಟ್ ಮತ್ತು ಕಾರ್ಡ್ ಒಂದೇ ಚಿತ್ರದಲ್ಲಿ. ಕಾರ್ಡಿನ ಹಿಂಬದಿ, ಸಂಖ್ಯೆ ಓದುವಂತೆ. ಆ ಕಾರ್ಡ್ ರೀಡರಿನಲ್ಲಿ ಕೂತು, ಹಿಂದೆ ಪರದೆಯಲ್ಲಿ ಪರೀಕ್ಷೆಯ ಫಲಿತಾಂಶ ಕಾಣುವಂತೆ ಕೊನೆಯದು.

ಹಿಂಬದಿಯ ಫೋಟೊಗೆ ಸ್ವಲ್ಪ ತಾಳ್ಮೆ ಬೇಕು. ಕಾರ್ಡ್ ಇರುವುದೇ 15 ಮಿಲಿಮೀಟರ್ ಉದ್ದ, 11 ಅಗಲ. ಹಿಂದೆ ಕಪ್ಪು ಮೈಮೇಲೆ ಬೂದು ಬಣ್ಣದ ಸಣ್ಣ ಅಕ್ಷರ. ಫ್ಲ್ಯಾಶ್ ಹಾಕಿದರೆ ಲೋಹದ ಪಟ್ಟಿಗಳು ಮಿರುಗಿ ಅಕ್ಷರ ಮುಚ್ಚಿಹೋಗುತ್ತೆ. ಫ್ಲ್ಯಾಶ್ ಆರಿಸಿ, ಕಾರ್ಡನ್ನು ಬಿಳಿ ಹಾಳೆ ಮೇಲಿಟ್ಟು, ಟಾರ್ಚನ್ನು ಒಂದು ಪಕ್ಕದಿಂದ ತೀರ ತಗ್ಗಿಸಿ ಹಿಡಿಯಿರಿ. ಓರೆ ಬೆಳಕಿಗೆ ಅಂಕಿಗಳು ಎದ್ದು ಕಾಣುತ್ತವೆ. ಫೋನನ್ನು ಒಂದು ಗೇಣು ದೂರ ಇಟ್ಟು ಜೂಮ್ ಮಾಡಿ, ತೀರ ಹತ್ತಿರ ಹೋದರೆ ಫೋಕಸ್ ಸಿಗುವುದಿಲ್ಲ. ಚಿತ್ರವನ್ನು ಮೆಸೇಜ್ ಆ್ಯಪಿನಲ್ಲಿ ಕಳಿಸಿಕೊಂಡು ಆಮೇಲೆ ಲಗತ್ತಿಸಬೇಡಿ. ಅಲ್ಲಿ ಅದು ಕುಗ್ಗುತ್ತೆ, ತೆಗೆದ ದಿನಾಂಕದ ಮಾಹಿತಿಯೂ ಅಳಿಸಿಹೋಗಬಹುದು. ಮೂಲ ಫೈಲನ್ನೇ ಹಾಕಿ.

ಮುಂಬದಿ ನೋಡುವಾಗ ಗಾತ್ರದ ಪಕ್ಕದ ಚಿಹ್ನೆ ಗಮನಿಸಿ. ಎಸ್‌ಡಿ ನಿಯಮದ ಪ್ರಕಾರ HC ಗುರುತು 32 ಜಿಬಿವರೆಗಿನ ಕಾರ್ಡಿಗೆ, ಅದಕ್ಕಿಂತ ಜಾಸ್ತಿ, 2 ಟಿಬಿವರೆಗೆ XC. 512 ಅಂತ ಬರೆದು ಪಕ್ಕದಲ್ಲಿ HC ಇದ್ದರೆ ಅದು ಬಣ್ಣದ ವ್ಯತ್ಯಾಸದ ಹಾಗೆ ವಾದಕ್ಕೆ ಬಿಡುವ ವಿಷಯವಲ್ಲ, ಆ ಕಾರ್ಡ್ ತನ್ನ ಬಗ್ಗೆ ತಾನೇ ಎರಡು ಮಾತು ಹೇಳುತ್ತಿದೆ. XC ಅಂತಲೇ ಇದ್ದರೆ ಅದರಿಂದ ಏನೂ ಸಾಬೀತಾಗುವುದಿಲ್ಲ, ಪತ್ರದಲ್ಲಿ ಆ ಮಾತು ಬೇಡ.

ಮಾರಾಟದ ಪುಟವನ್ನು ಇವತ್ತೇ ಪೂರ್ತಿಯಾಗಿ ಉಳಿಸಿಕೊಳ್ಳಿ: ಗಾತ್ರ, ಮಾರುವವರ ಹೆಸರು, ಪುಟದ ವಿಳಾಸ, ದಿನಾಂಕ ಎಲ್ಲ ಕಾಣಬೇಕು. ಇಂಥ ಪುಟಗಳು ದೂರು ಬಂದ ಮೇಲೆ ಬದಲಾಗುತ್ತವೆ, ಇಲ್ಲವೇ ಮಾಯವಾಗುತ್ತವೆ.

ಪತ್ರ ಹೀಗಿರಲಿ:

> ಆರ್ಡರ್ ಸಂಖ್ಯೆ (—), ತಲುಪಿದ ದಿನ (—). ಮಾರಾಟದ ಪುಟದಲ್ಲಿ 512 ಜಿಬಿ ಎಂದಿದೆ (ಲಗತ್ತು 1). ಬಂದ ಕಾರ್ಡಿನಲ್ಲಿ 29.2 ಜಿಬಿ ಮಾತ್ರ ಉಳಿಯುತ್ತದೆ, ಉಳಿದ 447 ಜಿಬಿಗೂ ಹೆಚ್ಚು ಕಳೆದುಹೋಗುತ್ತದೆ. F3 ಸಾಧನದಿಂದ ಎರಡು ಬೇರೆ ರೀಡರುಗಳಲ್ಲಿ ಪರೀಕ್ಷಿಸಿದ್ದೇನೆ, ಫಲಿತಾಂಶ ಒಂದೇ (ಲಗತ್ತು 2, 3). ಪರೀಕ್ಷಿಸಿದ್ದು ನೀವು ಕಳಿಸಿದ ಕಾರ್ಡನ್ನೇ ಎಂಬುದಕ್ಕೆ ಲಗತ್ತು 4ರಿಂದ 7 ನೋಡಿ. ಕಾರ್ಡಿನ ಹಿಂಬದಿಯ ಸಂಖ್ಯೆ (—). ವಸ್ತು ವಿವರಣೆಯಂತೆ ಇಲ್ಲ. ಇದು ಆ ಬ್ರ್ಯಾಂಡಿನ ಅಸಲಿ ಕಾರ್ಡ್ ಅಲ್ಲ ಎಂಬ ಅನುಮಾನವೂ ಇದೆ. ಪೂರ್ತಿ ಹಣ ಮತ್ತು ವಾಪಸ್ ಕಳಿಸುವ ಖರ್ಚು ಕೊಡಬೇಕೆಂದು ಕೇಳುತ್ತೇನೆ. ಕಾರ್ಡ್ ವಾಪಸ್ ಕಳಿಸಲು ಸಿದ್ಧ. (—) ದಿನಾಂಕದ ಒಳಗೆ ಉತ್ತರಿಸಿ.

ಸಂಖ್ಯೆಗಳು ಉದಾಹರಣೆಗೆ ಅಷ್ಟೆ, ನಿಮಗೆ ಬಂದದ್ದನ್ನೇ ಹಾಕಿ. ಮಾರುವವರನ್ನು ಕಳ್ಳರು, ಮೋಸಗಾರರು ಅಂತ ಬರೆಯಬೇಡಿ. ಕೆಲವು ಗೋದಾಮುಗಳಲ್ಲಿ ಹಲವು ಮಾರಾಟಗಾರರ ಸರಕು ಒಟ್ಟಿಗೆ ಬೆರೆಸಿ ಇಟ್ಟಿರುತ್ತಾರೆ. ನೀವು ಯಾರಿಂದ ಕೊಂಡಿರೋ ಅವರು ಇದನ್ನು ಕಣ್ಣಿಂದಲೂ ನೋಡಿರದೆ ಇರಬಹುದು.

ಇದಕ್ಕೂ ಒಪ್ಪದಿದ್ದರೆ, ಬ್ಯಾಂಕ್ ಕಾರ್ಡಿನಿಂದ ಹಣ ಕೊಟ್ಟಿದ್ದರೆ, ಆ ಬ್ಯಾಂಕಿಗೆ ಚಾರ್ಜ್‌ಬ್ಯಾಕ್, ಅಂದರೆ ಕೊಟ್ಟ ಹಣವನ್ನು ಬ್ಯಾಂಕಿನ ಮೂಲಕವೇ ವಾಪಸ್ ತರಿಸುವುದನ್ನು, ಕೇಳಬಹುದು. ಅಲ್ಲೂ ಇದೇ ಆಯ್ಕೆ ಎದುರಾಗುತ್ತೆ. ವೀಸಾ ನಿಯಮದಲ್ಲಿ ವಿವರಣೆಯಂತಿಲ್ಲದ ವಸ್ತುವಿಗೆ 13.3, ನಕಲಿ ವಸ್ತುವಿಗೆ 13.4 ಅಂತ ಬೇರೆ ಬೇರೆ ಕಾರಣಗಳಿವೆ. ಎರಡನೆಯದಕ್ಕೆ ಬ್ರ್ಯಾಂಡಿನ ಹಕ್ಕುದಾರರೋ, ಪರಿಣತರೋ ಇದು ನಕಲಿ ಅಂತ ಹೇಳಿರಬೇಕು. ನಿಮಗೆ ಮೊದಲನೆಯದೇ ಸರಿ. ಗಡುವು ಇರುತ್ತೆ, ಬ್ಯಾಂಕಿನಲ್ಲಿ ಈಗಲೇ ಕೇಳಿಟ್ಟುಕೊಳ್ಳಿ. ಆದರೆ ಮಾರುಕಟ್ಟೆಯ ದೂರು ನಡೆಯುತ್ತಿರುವಾಗಲೇ ಅದನ್ನೂ ಶುರು ಮಾಡಬೇಡಿ, ಅವರು ತಮ್ಮ ಕಡೆಯ ದೂರನ್ನು ಮುಚ್ಚಿಬಿಡುವ ಸಾಧ್ಯತೆ ಇದೆ. "ಅರ್ಧ ಹಣ ಕೊಡುತ್ತೇವೆ, ದೂರು ಮುಚ್ಚಿ" ಅಂತ ಮಾರುವವರು ಬರೆದರೆ ಹಣ ಕೈಗೆ ಬರುವ ಮುಂಚೆ ಆ ಗುಂಡಿ ಒತ್ತಬೇಡಿ. ಒಮ್ಮೆ ಮುಚ್ಚಿದ್ದನ್ನು ಮತ್ತೆ ತೆರೆಸುವುದು ಬಹಳ ಕಷ್ಟ.

ಕಾರ್ಡ್ ವಾಪಸ್ ಕಳಿಸುವಾಗ ಹಿಂಬದಿಯ ಸಂಖ್ಯೆ ತೋರಿಸಿ, ಕವರಿಗೆ ಹಾಕಿ ಅಂಟಿಸುವವರೆಗೆ ಕಡಿತವಿಲ್ಲದ ಒಂದೇ ವಿಡಿಯೊ ತೆಗೆದಿಡಿ. ಟ್ರ್ಯಾಕಿಂಗ್ ಇರುವ ಅಂಚೆಯಲ್ಲೇ ಕಳಿಸಿ.

ತೆರೆಯದ ಆ ವಿಡಿಯೊಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಪರೀಕ್ಷೆಯಲ್ಲಿ ಸುಳ್ಳು ಗಾತ್ರ ಅಂತ ಬಂದರೆ ಮಾಹಿತಿ ಹಿಂಪಡೆದುಕೊಡುತ್ತೇವೆ ಅನ್ನುವವರಿಗೆ ಹಣ ಕೊಡಬೇಡಿ. ಅವು ಅಳಿಸಿಹೋದ ವಿಡಿಯೊಗಳಲ್ಲ. ಆ ಚಿಪ್ಪಿನಲ್ಲಿ ಅವುಗಳಿಗೆ ಜಾಗವೇ ಇರಲಿಲ್ಲ.

— ಸಂಪಾದಕ