ಕೋರ್ಸ್ ಪೇಜ್ ನೋಡಿ ಸೇರದೆ ಹೋದವರಿಗೆ ಜಾಹೀರಾತಿನಲ್ಲಿ ಏನು ಬರೆಯಬೇಕು?

"ಮಡಿಕೇರಿಯಿಂದ ಆನ್‌ಲೈನ್‌ನಲ್ಲಿ ಕಾಫಿ ರೋಸ್ಟಿಂಗ್ ಕಲಿಸ್ತೇವೆ. ಪೇಜ್ ನೋಡ್ತಾರೆ, ಸೇರಲ್ಲ. ಅವರಿಗೆ ಮತ್ತೆ ತೋರಿಸೋ ಆ್ಯಡ್‌ನಲ್ಲಿ ಏನು ಬರೆಯಲಿ?"

ಕೋರ್ಸ್ ಏನು ಅಂತ ಅವರಿಗೆ ಆಗಲೇ ಗೊತ್ತು. ಅವರನ್ನು ತಡೆದ ಒಂದು ಅನುಮಾನಕ್ಕೆ ಉತ್ತರ ಬರೆಯಿರಿ. ಅದು ಯಾವುದು ಅಂತ ಊಹಿಸಬೇಡಿ, ವಿಚಾರಿಸಿ ಸೇರದೆ ಹೋದವರ ವಾಟ್ಸಾಪ್ ಮೆಸೇಜ್ ಓದಿ. ಜನವರಿಯಲ್ಲಿ ಕೊಡಗಿನವರು ಕೇಳುವುದು ಬಹುಶಃ ಕೊಯ್ಲಿನ ಬಗ್ಗೆಯೇ, ಅಲ್ವಾ? ಹಾಗಿದ್ದರೆ "ಸೀಟು ಮುಗಿಯುತ್ತಿದೆ, ಇಂದೇ ಸೇರಿ" ಅನ್ನುವ ಬದಲು ಹೀಗೆ ಬರೆಯಿರಿ:

"ಕೊಯ್ಲಿನ ಮಧ್ಯೆ ಕ್ಲಾಸ್ ತಪ್ಪಿದರೆ? ಪ್ರತಿ ಪಾಠದ ರೆಕಾರ್ಡಿಂಗ್ ಇರುತ್ತದೆ. ರಾತ್ರಿ ಬಿಡುವಾದಾಗ ನೋಡಿ. ಮೊದಲ ಪಾಠ ಉಚಿತ."

ರೆಕಾರ್ಡಿಂಗ್ ನಿಜವಾಗಿ ಕೊಡುವುದಾದರೆ ಮಾತ್ರ ಇದನ್ನು ಹಾಕಿ. ಬಟನ್ ಒತ್ತಿದರೆ ಫೀಸಿನ ಪುಟ ಬೇಡ, ನೇರವಾಗಿ ಆ ಮೊದಲ ಪಾಠವೇ ತೆರೆಯಲಿ. "ನೀವು ನಮ್ಮ ಪೇಜ್ ನೋಡಿದ್ದೀರಿ" ಅಂತ ಬರೆಯಲೇಬೇಡಿ, ಯಾರೋ ಹಿಂಬಾಲಿಸಿದ ಹಾಗೆ ಅನಿಸುತ್ತದೆ.

ಫೀಸು ಕಟ್ಟಿದ ಮೇಲೆ ಬರುವ ಧನ್ಯವಾದ ಪುಟ ತಲುಪಿದವರನ್ನು ಪಟ್ಟಿಯಿಂದ ತೆಗೆಯಿರಿ. ಸೇರಿದವರಿಗೂ ಅದೇ ಆ್ಯಡ್ ಕಂಡರೆ ಬೇಜಾರಾಗುತ್ತದೆ. ಮೆಟಾದಲ್ಲಿ ಪೇಜ್ ನೋಡಿದವರನ್ನು 180 ದಿನದವರೆಗೆ ಪಟ್ಟಿಯಲ್ಲಿ ಇಡಬಹುದು, ಆದರೆ ನಾನಾದರೆ 14 ದಿನದಿಂದ ಶುರು ಮಾಡುತ್ತೇನೆ. ಆಸಕ್ತಿ ಇನ್ನೂ ಆರಿರುವುದಿಲ್ಲ.

ಪಾಠ ನೋಡಿಯೂ ಜನ ಸೇರದಿದ್ದರೆ ಆ್ಯಡ್ ತನ್ನ ಕೆಲಸ ಮಾಡಿದೆ. ಆಗ ಫೀಸು ಅಥವಾ ಪಾಠವನ್ನೇ ನೋಡಬೇಕು.