ಕನ್ನಡದ ‘ಹ’, ರಷ್ಯನ್ನಿನ ‘ಜ಼’

*“ಎಂಬಿಬಿಎಸ್ ಓದಲು ರಷ್ಯಾಕ್ಕೆ ಹೋಗುವವಳಿದ್ದೇನೆ. ಊರು ಉಡುಪಿ. ರಷ್ಯನ್ ಪದಗಳು ಎಷ್ಟು ಓದಿದರೂ ತಲೆಯಲ್ಲಿ ನಿಲ್ಲುವುದಿಲ್ಲ. ಅವು ಸಂಸ್ಕೃತದ ಪದಗಳ ಹಾಗೇ ಇರುತ್ತವೆ ಅಂತ ಯಾರೋ ಹೇಳಿದರು. ನನಗೆ ಸಂಸ್ಕೃತ ಬರುವುದಿಲ್ಲ, ಕನ್ನಡ, ತುಳು ಮಾತ್ರ. ಉಪಯೋಗ ಉಂಟಾ?”*

ಉಂಟು. ಆದರೆ ಧೂಮ–ದಿಮ್, ಮಾಂಸ–ಮ್ಯಾಸ, ದ್ವಾರ–ದ್ವೇರ್ ಅಂತ ಜೋಡಿ ಪದಗಳ ಪಟ್ಟಿ ಉರು ಹೊಡೆಯಲು ಹೋಗಬೇಡಿ. ಅಂಥವು ಕೇಳಿದ ಕೂಡಲೇ ತಾವಾಗಿಯೇ ಹೊಳೆಯುತ್ತವೆ. ಕಲಿಯಬೇಕಾದದ್ದು ಮೇಲ್ನೋಟಕ್ಕೆ ಕಾಣಿಸದ ಸಂಬಂಧ. ನಾನು ಪಣಂಬೂರು ಬಂದರಿನಲ್ಲಿ ಹಡಗಿನವರ ಜೊತೆ ಮಾತಾಡಲೆಂದು ರಷ್ಯನ್ ಕಲಿತವನು. ನನಗೆ ಜಾಸ್ತಿ ಸಹಾಯ ಆದದ್ದು ಒಂದೇ ಒಂದು ಸೂತ್ರ: ಸಂಸ್ಕೃತದಿಂದ ಬಂದ ಪದದಲ್ಲಿ ‘ಹ’ ಇದ್ದರೆ, ರಷ್ಯನ್ನಿನಲ್ಲಿ ಆ ಜಾಗದಲ್ಲಿ ‘ಜ಼’ ಹುಡುಕಿ. ಜ಼ೂ ಅನ್ನುವಾಗಿನ ಜ಼. ಅವರ ಲಿಪಿಯಲ್ಲಿ ಆ ಅಕ್ಷರ 3ರ ಅಂಕೆಯ ಹಾಗೇ ಕಾಣುತ್ತದೆ.

ರಷ್ಯನ್ ತರಗತಿಯಲ್ಲಿ ಮೊದಲ ದಿನವೇ ಹೆಸರು ಹೇಳುವುದನ್ನು ಕಲಿಸುತ್ತಾರೆ: ‘ಮಿನ್ಯಾ ಜ಼ವೂತ್’, ಆಮೇಲೆ ನಿಮ್ಮ ಹೆಸರು. ಪದಕ್ಕೆ ಪದ ಇಟ್ಟರೆ ‘ನನ್ನನ್ನು ಕರೆಯುತ್ತಾರೆ’ ಅಂತ. ‘ಕರೆ’ ಅನ್ನುವ ಕ್ರಿಯಾಪದ ಜ಼್ವಾತ್. ಈಗ ಜ಼ ತೆಗೆದು ಹ ಇಡಿ: ಹ್ವಾ. ಮದುವೆ ಕಾಗದದಲ್ಲಿ ದಿನಾ ನೋಡುವ ‘ಆಹ್ವಾನ’ ಅಲ್ವಾ ಅದು? ಹೀಗೇ ಹಿಮಕ್ಕೆ ಜ಼ಿಮಾ. ಆದರೆ ಅದರ ಅರ್ಥ ಮಂಜು ಅಲ್ಲ, ಚಳಿಗಾಲ. ವಾಹನಕ್ಕೆ ವಜ಼ೀತ್, ಅಂದರೆ ಗಾಡಿಯಲ್ಲಿ ಸಾಗಿಸು. ನನಗೆ ಬಹಳ ಇಷ್ಟವಾದದ್ದು ಲೇಹ್ಯ. ಬಾಣಂತಿಗೆ ಕೊಡುವ ಲೇಹ್ಯ ಅಂದರೆ ನೆಕ್ಕಿ ತಿನ್ನುವಂಥದ್ದು, ಮತ್ತೆ ರಷ್ಯನ್ನಿನಲ್ಲಿ ನೆಕ್ಕುವುದಕ್ಕೆ ಲಿಜ಼ಾತ್.

ಕಾರಣ ಸರಳ. ರಷ್ಯನ್ನರು ಇವನ್ನು ಸಂಸ್ಕೃತದಿಂದ ತೆಗೆದುಕೊಂಡದ್ದಲ್ಲ. ಎರಡೂ ಭಾಷೆಗಳು ಒಂದೇ ಹಳೆಯ ಮೂಲದಿಂದ ಬಂದವು. ಅಲ್ಲಿದ್ದ, ಸುಮಾರಾಗಿ ‘ಘ್ಯ’ದಂಥ ಒಂದು ಧ್ವನಿ ಈ ಕಡೆ ಹ ಆಯಿತು, ಆ ಕಡೆ ಜ಼ ಆಯಿತು. ಮಹಾಪ್ರಾಣ ಇಲ್ಲದ ಅದರ ಜೋಡಿ ಧ್ವನಿ ಇಲ್ಲಿ ಜ ಆಯಿತು, ಅಲ್ಲಿ ಅದೂ ಜ಼ ಆಯಿತು. ಹಾಗಾಗಿ ಜ್ಞಾನಕ್ಕೆ ಜ಼್ನಾತ್. ಅದು ನಿಮಗೆ ಮೊದಲ ವಾರವೇ ಬೇಕಾಗುತ್ತದೆ: ‘ಯಾ ನಿ ಜ಼್ನಾಯು’, ನನಗೆ ಗೊತ್ತಿಲ್ಲ.

ಈಗ ಸೂತ್ರ ಕೈಕೊಡುವ ಜಾಗಗಳು. ಕನ್ನಡದ ಎಲ್ಲ ‘ಹ’ ಸಂಸ್ಕೃತದ್ದಲ್ಲ. ಹೂವು, ಹುಲಿ, ಹೆಸರು ಇವೆಲ್ಲ ನಮ್ಮವೇ, ಹಳಗನ್ನಡದಲ್ಲಿ ಇವು ‘ಪ’ದಿಂದ ಶುರುವಾಗುತ್ತಿದ್ದವು. ಇವಕ್ಕೂ ರಷ್ಯನ್ನಿಗೂ ಏನೂ ಸಂಬಂಧ ಇಲ್ಲ. ಗುರುತಿಸುವುದು ಕಷ್ಟ ಅಂತ ಘಟ್ಟದ ಮೇಲಿನವರು ಹೇಳಬಹುದು, ನಿಮಗೆ ಆ ತಾಪತ್ರಯ ಇಲ್ಲ. ತುಳುವಿನಲ್ಲಿ ಹೇಳಿ ನೋಡಿ: ಪೂ, ಪಿಲಿ, ಪುದರ್. ಪ ಬಂತೋ, ಆ ಪದ ಬಿಟ್ಟುಬಿಡಿ.

ಸಂಸ್ಕೃತದ ‘ಹ’ದಲ್ಲೂ ಎರಡು ಜಾತಿ ಉಂಟು. ಹನನದ ಹ ಬೇರೆ ಧ್ವನಿಯಿಂದ ಬಂದದ್ದು, ಅದರ ರಷ್ಯನ್ ಜೋಡಿ ಗ್ನಾತ್, ಅಟ್ಟಿಸು. ದಹನವೂ ಹಾಗೇ, ಅಲ್ಲಿ ಜ಼ ಸಿಗುವುದಿಲ್ಲ. ಇದನ್ನು ಪತ್ತೆ ಹಚ್ಚಲು ಅದೇ ಪದದ ನೆಂಟರನ್ನು ನೋಡಬೇಕು. ಹನನದ ಪಕ್ಕದಲ್ಲಿ ‘ಘಾತ’ ಇದೆ, ದಹನದ ಪಕ್ಕದಲ್ಲಿ ‘ದಗ್ಧ’ ಇದೆ. ಹೀಗೆ ಗ, ಘ ಇಣುಕಿದರೆ ಜ಼ ಹುಡುಕಬೇಡಿ. ವಾಹನದ ನೆಂಟ ‘ನವೋಢೆ’, ಅಲ್ಲಿ ಇಣುಕುವುದು ಢ. ಅದಕ್ಕೆ ಜ಼ ಸಿಕ್ಕಿತು. ಇಷ್ಟಾದರೂ ಹಂಸ ಮಾತ್ರ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಸೂತ್ರದ ಪ್ರಕಾರ ಜ಼ ಬರಬೇಕಿತ್ತು, ಇರುವುದು ಗೂಸ್. ಅರ್ಥವೂ ಬಾತುಕೋಳಿಯಂಥ ಹೆಬ್ಬಾತು. ಅದನ್ನು ಸುಮ್ನೆ ಬಾಯಿಪಾಠ ಮಾಡಿ.

ವೈದ್ಯಕೀಯ ಅಂದಿರಿ, ಹಾಗಾಗಿ ಇನ್ನೊಂದು. ಹೃದಯಕ್ಕೆ ರಷ್ಯನ್ನಿನಲ್ಲಿ ಸೇರ್ತ್ಸೆ. ಬರೆಯುವಾಗ ನಡುವೆ ‘ದ’ ಇರುತ್ತದೆ, ಉಚ್ಚರಿಸುವುದಿಲ್ಲ. ಇಲ್ಲಿ ಜ಼ ಇಲ್ಲ, ಸ ಇದೆ. ಯಾಕೆಂದರೆ ಈ ಪದದಲ್ಲಿ ದಾರಿ ತಪ್ಪಿದ್ದು ಸಂಸ್ಕೃತ. ಮೂಲದ ಪ್ರಕಾರ ಇಲ್ಲಿ ಶ ಇರಬೇಕಿತ್ತು, ಮತ್ತೆ ಸಂಸ್ಕೃತದ ಆ ಶ ಸಾಮಾನ್ಯವಾಗಿ ರಷ್ಯನ್ನಿನಲ್ಲಿ ಸ ಆಗುತ್ತದೆ: ದಶಕ್ಕೆ ದ್ಯೇಸಿತ್, ಶತಕ್ಕೆ ಸ್ತೋ. ಆ ಹಳೆಯ ಶ ಒಂದು ಪದದಲ್ಲಿ ಉಳಿದಿದೆ. ‘ಶ್ರದ್ಧೆ’ಯ ಮೊದಲ ಭಾಗ ‘ಶ್ರದ್’ ಅಂದರೆ ಹೃದಯವೇ, ಎರಡನೆಯದು ‘ಇಡು’. ನಿಮ್ಮ ಪುಸ್ತಕದಲ್ಲಿ ಸೇರ್ತ್ಸೆಯ ಎದುರು ಹೃದಯ ಅಂತ ಅಲ್ಲ, ಶ್ರದ್ಧೆ ಅಂತ ಬರೆದುಕೊಳ್ಳಿ. ಆಗ ಬರವಣಿಗೆಯಲ್ಲಿ ಆ ‘ದ’ವನ್ನೂ ಬಿಡುವುದಿಲ್ಲ.