ಲಾರಿ ಬಂದಾಗ ಎಷ್ಟು ಬಾಕ್ಸ್ ತೆರೆದು ನೋಡಬೇಕು?

"ಯಾದಗಿರಿಯಲ್ಲಿ ಹೊಸದಾಗಿ ಟೈಲ್ಸ್ ಅಂಗಡಿ ತೆರೆದಿದ್ದೇನೆ. ಲೋಡ್ ಬಂದಾಗ ಹತ್ತಿಪ್ಪತ್ತು ಬಾಕ್ಸ್ ತೆರೆದು ನೋಡಿ ಸಹಿ ಹಾಕಿದರೆ ಸಾಕೇ? ಆಮೇಲೆ ಒಡಕು ಕಂಡರೆ ಟ್ರಾನ್ಸ್‌ಪೋರ್ಟಿನವರು ಹಣ ಕೊಡುತ್ತಾರೆಯೇ?"

ನಾನು ಕಲಬುರಗಿಯ ಗೋದಾಮೊಂದರಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದಾಗ ಇದನ್ನೇ ಮಾಡಿದೆ. ಗುಜರಾತಿನ ಮೋರ್ಬಿಯಿಂದ 400 ಬಾಕ್ಸ್ ಟೈಲ್ಸ್ ಹೊತ್ತ ಲಾರಿ ಸಂಜೆ ಏಳಕ್ಕೆ ಬಂದಿತ್ತು. ಹಮಾಲರಿಗೆ ಮನೆ ಸೇರುವ ಅವಸರ, ಚಾಲಕನಿಗೆ ಮುಂದಿನ ಬಾಡಿಗೆಯ ಅವಸರ. ಬಾಗಿಲ ಬದಿಯ ಇಪ್ಪತ್ತು ಬಾಕ್ಸ್ ತೆರೆಸಿದೆ, ಎಲ್ಲವೂ ಸರಿಯಿದ್ದವು. ಎಲ್‌ಆರ್, ಅಂದರೆ ಲಾರಿ ರಸೀದಿಯ ಪ್ರತಿಯ ಮೇಲೆ "ಪರಿಶೀಲನೆಗೆ ಒಳಪಟ್ಟು ಸ್ವೀಕರಿಸಲಾಗಿದೆ" ಎಂದು ಬರೆದು ಸಹಿ, ಮೊಹರು ಹಾಕಿದೆ. ಬೆಳಿಗ್ಗೆ ಎಣಿಸಿದರೆ ಇದ್ದದ್ದು 394. ತಳದ ಸಾಲಿನ 27 ಬಾಕ್ಸ್‌ಗಳ ರಟ್ಟು ನೆಟ್ಟಗಿದ್ದರೂ ಅಲುಗಾಡಿಸಿದಾಗ ಒಳಗೆ ಚೂರುಗಳ ಸದ್ದು.

ಆ ಒಂದು ವಾಕ್ಯವೇ ನನ್ನ ತಪ್ಪು. ಅದನ್ನು ಬರೆದರೆ ಹಕ್ಕು ಉಳಿಯುತ್ತದೆ ಎಂದು ನಂಬಿದ್ದೆ, ಆದರೆ ಅದರಲ್ಲಿ ಎಷ್ಟು ಕಡಿಮೆ, ಏನು ಒಡೆದಿದೆ ಎಂಬುದೇ ಇರಲಿಲ್ಲ. ಲಾರಿ ಹೋದ ಮೇಲೆ ನಿಮ್ಮ ಗೋದಾಮಿನಲ್ಲೇ ಒಡೆದಿರಬಹುದು ಎಂದು ಸಾಗಣೆದಾರರು ಉತ್ತರಿಸಿದಾಗ ನನ್ನ ಬಳಿ ಮರುಮಾತಿರಲಿಲ್ಲ. ಬರೆಯಬೇಕಾಗಿದ್ದದ್ದು "400ರ ಪೈಕಿ 394 ಬಂದಿವೆ, 6 ಕಡಿಮೆ, 27 ಬಾಕ್ಸ್ ಒಡೆದಿವೆ" ಎಂಬ ಷರಾ, ಅದರ ಕೆಳಗೆ ಚಾಲಕನ ಸಹಿ. ಅವನು ಒಪ್ಪದಿದ್ದರೆ "ಚಾಲಕ ಸಹಿ ನಿರಾಕರಿಸಿದ್ದಾನೆ" ಎಂದು ಸಮಯಸಹಿತ ಬರೆದು, ಲಾರಿಯ ನಂಬರ್ ಕಾಣುವಂತೆ ಸರಕಿನ ಫೋಟೊ ತೆಗೆಯಬೇಕಿತ್ತು.

ಹಾಗಾಗಿ "ಹತ್ತಿಪ್ಪತ್ತು ಸಾಕೇ" ಎಂಬ ನಿಮ್ಮ ಪ್ರಶ್ನೆಯೇ ತಪ್ಪು ಜಾಗದಲ್ಲಿದೆ. ಮಾದರಿ ತಪಾಸಣೆ ಇರುವುದು ಮಾರಿದವರ ಗುಣಮಟ್ಟ ಅಳೆಯಲು. ಮಾದರಿ ತಪಾಸಣೆಯ ಭಾರತೀಯ ಮಾನದಂಡ ಐಎಸ್ 2500ರ ಸಾಮಾನ್ಯ ತಪಾಸಣೆಯ ಕೋಷ್ಟಕದಲ್ಲಿ 281ರಿಂದ 500ರವರೆಗಿನ ಲಾಟಿಗೆ 50 ಮಾದರಿ. ಒಪ್ಪಿತ ದೋಷಮಟ್ಟ ಶೇಕಡಾ 2.5 ಆಗಿದ್ದರೆ ಮೂರು ದೋಷದವರೆಗೆ ಸ್ವೀಕಾರ, ನಾಲ್ಕಕ್ಕೆ ತಿರಸ್ಕಾರ. ಬಣ್ಣದ ವ್ಯತ್ಯಾಸ, ಅಳತೆಯ ದೋಷ ಲಾಟಿನೆಲ್ಲೆಡೆ ಹರಡಿರುತ್ತವೆ ಎಂದೇ, ಅಲ್ಲಲ್ಲಿಂದ ಆಯ್ದು ನೋಡಿದರೆ ಅವು ಸಿಗುತ್ತವೆ. ಸಾಗಣೆಯ ಒಡಕು ಹಾಗಲ್ಲ, ಅದು ತಳದಲ್ಲೋ ಮೂಲೆಯಲ್ಲೋ ಗುಂಪಾಗಿ ಕೂತಿರುತ್ತದೆ, ನನ್ನ ಇಪ್ಪತ್ತು ಬಾಕ್ಸ್‌ಗಳಿಗೆ ಸಿಗದೇ ಹೋದದ್ದೂ ಅದಕ್ಕೇ. ಕೊರತೆಗಂತೂ ಮಾದರಿಯೇ ಇಲ್ಲ. ಹಮಾಲರು ಇಳಿಸುತ್ತಿರುವಂತೆಯೇ ಒಂದೊಂದನ್ನೂ ಎಣಿಸಬೇಕು, ಸದ್ದು ಮಾಡುವುದನ್ನು ಬೇರೆ ಇಡಿಸಬೇಕು. ಹೀಗೆ ಮಾಡಿದರೆ ಇಳಿಸುವ ಕೆಲಸ ತಡವಾಗುತ್ತದೆ, ಚಾಲಕ ಗೊಣಗುತ್ತಾನೆ. ಗೊಣಗಲಿ.

ಷರಾ ಒಂದರಿಂದಲೇ ಹಣ ಬರುವುದಿಲ್ಲ. ರಸ್ತೆ ಸಾಗಣೆ ಕಾಯ್ದೆ, 2007ರ ಪ್ರಕಾರ ದಾವೆ ಹೂಡುವ ಮೊದಲು ಸಾಗಣೆದಾರರಿಗೆ ಲಿಖಿತ ನೋಟಿಸ್ ಕೊಡಬೇಕು. ಅದಕ್ಕಿರುವ 180 ದಿನಗಳನ್ನು ಸರಕು ಬುಕ್ ಆದ ದಿನದಿಂದ ಎಣಿಸುತ್ತಾರೆ, ಅಂಗಡಿಗೆ ಬಂದ ದಿನದಿಂದಲ್ಲ. ಸಾಗಣೆದಾರರ ಹೆಚ್ಚಿನ ರಿಸ್ಕ್ ದರ ಕೊಡಲು ಸರಕು ಕಳಿಸುವವರು ಒಪ್ಪದಿದ್ದರೆ ಪರಿಹಾರದ ಮಿತಿ ಬಾಡಿಗೆಯ ಹತ್ತು ಪಟ್ಟು. ಚಿಕ್ಕ ಲೋಡಿಗೆ 2,000 ರೂಪಾಯಿ ಬಾಡಿಗೆಯಾದರೆ 20,000ಕ್ಕೇ ಮುಗಿಯಿತು. ಆದ್ದರಿಂದ ಬುಕ್ ಮಾಡುವಾಗಲೇ ಪೂರ್ಣ ಮೌಲ್ಯ ಬರೆಸಿ, ಹೆಚ್ಚಿನ ರಿಸ್ಕ್ ದರಕ್ಕೆ ಒಪ್ಪುವಂತೆ ಸರಕು ಕಳಿಸುವವರಿಗೆ ಈಗಲೇ ಹೇಳಿಡಿ.